ಪಿಎಚ್‌ಡಿ ಪ್ರಬಂಧಕ್ಕೆ ಕತ್ತರಿ

ಕೋಲಾರದ ಕೆರೆ ನೀರಾವರಿಯ ಮೇಲೆ 300 ಪುಟಗಳ ಪಿಎಚ್‌ಡಿ ಪ್ರಬಂಧವೊಂದಿದೆ ಎಂದುಕೊಳ್ಳಿ. ಆರು ಅಧ್ಯಾಯಗಳಿವೆಯೆಂದು ಆರು ಲೇಖನ ಹುಟ್ಟುವುದಿಲ್ಲ. ಹುಡುಕಬೇಕಾದದ್ದು ತಾವಾಗಿಯೇ ನಿಲ್ಲಬಲ್ಲ ಪ್ರಶ್ನೆಗಳನ್ನು. ಇಲ್ಲಿ ಎರಡು ಸಿಗಬಹುದು: ನೀರು ಹಂಚುತ್ತಿದ್ದ ನೀರಗಂಟಿಯ ಕೆಲಸ ಹೇಗೆ ಕ್ಷೀಣಿಸಿತು? ಸ್ವಂತ ಕೊಳವೆಬಾವಿ ಇರುವ ರೈತರು ಕೆರೆಯ ಹೂಳೆತ್ತಲು ಬರುತ್ತಾರೆಯೇ?

ಮೊದಲನೆಯದು ಇತಿಹಾಸದ ಪತ್ರಿಕೆಗೆ. ಹಳೆಯ ಕಡತ, ಹಿರಿಯರ ಮಾತು ಅದರ ಆಧಾರ. ಎರಡನೆಯದಕ್ಕೆ ಮನೆಮನೆ ಸಮೀಕ್ಷೆಯ ಕೋಷ್ಟಕಗಳೇ ಜೀವಾಳ, ಇತಿಹಾಸಕ್ಕೆ ಒಂದು ಪ್ಯಾರಾ ಸಾಕು. ಎರಡರಲ್ಲೂ ಮೊದಲು ಕತ್ತರಿ ಬೀಳಬೇಕಾದದ್ದು 40 ಪುಟಗಳ ಪೂರ್ವಸಾಹಿತ್ಯ ಸಮೀಕ್ಷೆಗೆ. ಎಲ್ಲವನ್ನೂ ಓದಿದ್ದೇನೆಂದು ಪರೀಕ್ಷಕರಿಗೆ ತೋರಿಸಲು ಬರೆದದ್ದು ಅದು; ಪತ್ರಿಕೆಯ ಓದುಗರಿಗೆ ಪ್ರಶ್ನೆಗೆ ನೇರ ತಾಗುವ ಕೃತಿಗಳಷ್ಟೇ ಬೇಕು. ಯಾವ ಊರು, ಯಾವ ರೈತರು, ಏಕೆ ಎಂಬ ವಿವರ ಮಾತ್ರ ಉಳಿಯಲೇಬೇಕು, ಆಯಾ ಪ್ರಶ್ನೆಗೆ ತಕ್ಕಂತೆ ಹೊಸದಾಗಿ ಬರೆದು.

ಆಸೆ ಇಲ್ಲಿಗೇ ನಿಲ್ಲುವುದಿಲ್ಲ. ಅದೇ ಸಮೀಕ್ಷೆಯಿಂದ ಸಣ್ಣ ರೈತರಿಗೊಂದು, ದೊಡ್ಡ ರೈತರಿಗೊಂದು ಲೇಖನ ಮಾಡೋಣವೆನಿಸುತ್ತದೆ. ಆದರೆ ಹೋಲಿಸಿದಾಗ ಮಾತ್ರ ಅರ್ಥ ಬರುವುದಾದರೆ ಅವು ಒಂದೇ ಲೇಖನ. ಇನ್ನು, ಪ್ರಬಂಧ ಶೋಧಗಂಗಾದಲ್ಲಿದ್ದರೆ ಸಂಪಾದಕರಿಗೆ ಬರೆಯುವ ಪತ್ರದಲ್ಲೇ ಹೇಳಿಬಿಡಿ. ಕೃತಿಚೌರ್ಯ ತಪಾಸಣೆಯ ತಂತ್ರಾಂಶ ಹೇಗೂ ಅದನ್ನು ಎತ್ತಿ ತೋರಿಸುತ್ತದೆ.