ಹತ್ತು ನಿಮಿಷದ ಕಥೆಗೆ ಒಂದು ಗಟ್ಟಿ ಪ್ರಶ್ನೆ

ಊರಿನ ಇತಿಹಾಸವನ್ನೋ ಒಂದು ಹಳೆಯ ಯೋಜನೆಯ ಕಥೆಯನ್ನೋ ಸಾಕ್ಷ್ಯಚಿತ್ರದ ರೀತಿಯಲ್ಲಿ ಹೇಳುವ ಯೂಟ್ಯೂಬ್ ವಿಡಿಯೊಗಳು ಕನ್ನಡದಲ್ಲಿ ಈಗ ಸಾಕಷ್ಟಿವೆ. ಮಾಹಿತಿ ಚೆನ್ನಾಗಿದ್ದರೂ ಎಷ್ಟೋ ವಿಡಿಯೊಗಳನ್ನು ನಾವು ಮೂರನೇ ನಿಮಿಷಕ್ಕೇ ಬಿಟ್ಟು ಏಳುತ್ತೇವೆ. ಹೆಚ್ಚಿನ ಸಲ ಇದಕ್ಕೆ ಕಾರಣ ಕ್ಯಾಮೆರಾ ಅಲ್ಲ, ಮಾಹಿತಿಯನ್ನು ಜೋಡಿಸಿದ ಕ್ರಮ.

ಶಿವನಸಮುದ್ರದ ವಿದ್ಯುತ್ ಕೇಂದ್ರದ ಕಥೆಯನ್ನೇ ನೋಡೋಣ. 'ಶಿವನಸಮುದ್ರ ಮಂಡ್ಯ ಜಿಲ್ಲೆಯಲ್ಲಿದೆ, ಇಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು' ಎಂದು ಆರಂಭಿಸಿದರೆ ಸುದ್ದಿ ಸಿಕ್ಕಿತು, ಕೇಳುವುದು ಮುಗಿಯಿತು. ಅದರ ಬದಲು ಕನ್ನಂಬಾಡಿ ಕಟ್ಟೆಯನ್ನು ತೋರಿಸಿ, 'ಮಂಡ್ಯದ ಗದ್ದೆಗೆ ನೀರುಣಿಸುವ ಈ ಕಟ್ಟೆ ಏಳುವುದಕ್ಕೆ ಕೋಲಾರದ ಚಿನ್ನದ ಗಣಿಯೂ ಒಂದು ಕಾರಣ. ಅದು ಹೇಗೆ?' ಎಂದು ಕೇಳಿ. ಇದಕ್ಕೆ ಉತ್ತರವನ್ನು ಯಾರೂ ಥಟ್ಟನೆ ಊಹಿಸಲಾರರು. ಹತ್ತು ನಿಮಿಷವನ್ನು ಹೊರಬೇಕಾದ ಪ್ರಶ್ನೆಗೆ ಈ ಗುಣ ಇರಲೇಬೇಕು. 'ಬೆಂಗಳೂರಿಗಿಂತ ಮೊದಲು ಗಣಿಗೇ ಕರೆಂಟ್ ಹೋಗಿದ್ದೇಕೆ?' ಎಂಬುದೂ ಒಳ್ಳೆಯ ಪ್ರಶ್ನೆಯೇ. ಆದರೆ ದುಡ್ಡಿಗಾಗಿ ಎಂದು ನೋಡುಗ ಊಹಿಸಿಬಿಡುತ್ತಾನೆ. ಅದನ್ನು ಎರಡು ನಿಮಿಷದ ಚಿಕ್ಕ ಪ್ರಶ್ನೆಯಾಗಿ ಬಳಸಬಹುದು.

ಮುಂದೆ ಪ್ರತಿ ದೃಶ್ಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಸಾಲಾಗಿ ಇಡಿ. ಎರಡು ಚೀಟಿಗಳ ನಡುವೆ 'ಆದ್ದರಿಂದ' ಅಥವಾ 'ಆದರೆ' ಎಂಬ ಪದ ಕೂರಬೇಕು. 'ಆಮೇಲೆ' ಮಾತ್ರ ಕೂರುವುದಾದರೆ ಆ ಜಾಗದಲ್ಲಿ ಕಥೆ ನಿಂತಿದೆ ಎಂದೇ ಅರ್ಥ. ನಮ್ಮ ಕಥೆ ಹೀಗೆ ಸಾಗುತ್ತದೆ: ಗಣಿಯ ಯಂತ್ರಗಳಿಗೆ ಶಕ್ತಿ ಬೇಕು, ಆದರೆ ದೂರದಿಂದ ತರಿಸುವ ಕಲ್ಲಿದ್ದಲು ದುಬಾರಿ. ಆದ್ದರಿಂದ ಮೈಸೂರು ಸರ್ಕಾರದ ಕಣ್ಣು ಕಾವೇರಿಯ ಜಲಪಾತದ ಮೇಲೆ ಬೀಳುತ್ತದೆ. ಆದರೆ ಗಣಿ ಇರುವುದು ಸುಮಾರು 147 ಕಿ.ಮೀ. ದೂರದಲ್ಲಿ. ಆದ್ದರಿಂದ ಆ ಕಾಲಕ್ಕೆ ಅಪರೂಪವಾದ ಉದ್ದನೆಯ ತಂತಿ ಮಾರ್ಗ ಎಳೆಯಬೇಕು. ಆದರೆ ಅಮೆರಿಕದಿಂದ ಬಂದ ಭಾರಿ ಯಂತ್ರಗಳನ್ನು ರೈಲು ನಿಲ್ದಾಣದಿಂದ ನದಿಯ ತನಕ ಸಾಗಿಸುವುದು ಹೇಗೆ?

ಈ ಸಾಗಾಟದ ಭಾಗದಲ್ಲಿ ಅವಸರ ಬೇಡ. ಆನೆ, ಗಾಡಿ, ಕಚ್ಚಾ ರಸ್ತೆ ಎಲ್ಲವೂ ಕಣ್ಣಿಗೆ ಕಟ್ಟುವಂಥವು, ಒಂದೂವರೆ ನಿಮಿಷ ಕೊಡಿ. ತಂತಿಯಲ್ಲಿ ವಿದ್ಯುತ್ ಹರಿಯುವ ತಾಂತ್ರಿಕ ವಿವರಣೆಗೆ ನಲವತ್ತು ಸೆಕೆಂಡು ಸಾಕು. ಕಷ್ಟದ ವಿವರಣೆಯ ಬೆನ್ನಿಗೇ ಒಬ್ಬ ಮನುಷ್ಯನ ವಿಷಯ ಬಂದರೆ ನೋಡುಗನಿಗೆ ಉಸಿರಾಡಲು ಜಾಗ ಸಿಗುತ್ತದೆ. ಯೋಜನೆಯ ಬೆನ್ನಿಗೆ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅದು ಚಾಲೂ ಆಗುವ ಮೊದಲೇ, 1901ರಲ್ಲಿ ತೀರಿಕೊಂಡರು. ಈ ಮಾತಿಗೆ ಅಲ್ಲೇ ಜಾಗ.

ಐದನೇ ನಿಮಿಷದ ಹೊತ್ತಿಗೆ ಗಣಿಗೆ ವಿದ್ಯುತ್ ತಲುಪುತ್ತದೆ. 1905ರಲ್ಲಿ ಬೆಂಗಳೂರಿನ ಬೀದಿಯಲ್ಲೂ ದೀಪ ಹೊತ್ತಿಕೊಳ್ಳುತ್ತದೆ. ಅಪಾಯ ಇರುವುದು ಇಲ್ಲೇ. ಚಿಕ್ಕ ಪ್ರಶ್ನೆಗಳೆಲ್ಲ ಒಟ್ಟಿಗೆ ಮುಗಿದವೆಂದರೆ ಕಥೆಯೂ ಮುಗಿಯಿತೆಂದು ನೋಡುಗ ಹೊರಟುಬಿಡುತ್ತಾನೆ. ಆದ್ದರಿಂದ ದೀಪ ಹೊತ್ತುವ ಮೊದಲೇ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಸೊರಗಿದ ಕಾವೇರಿಯ ಒಂದು ನೋಟ ತೋರಿಸಿ. ಮಳೆಗಾಲದ ನದಿಯನ್ನು ನಂಬಿದ ಕೇಂದ್ರ ಏಪ್ರಿಲ್‌ನಲ್ಲಿ ಏನು ಮಾಡಬೇಕು ಎಂಬ ಚಿಂತೆ ಸಂಭ್ರಮದ ಒಳಗೇ ಶುರುವಾಗಿರಬೇಕು. ಹಳೆಯ ಪ್ರಶ್ನೆ ಮುಗಿಯುವ ಮುನ್ನ ಹೊಸದು ಹುಟ್ಟಬೇಕು ಅನ್ನುವುದು ಇದಕ್ಕೇ. ಹಾಗೆಂದು ಒಂದೇ ಸಲ ನಾಲ್ಕು ಪ್ರಶ್ನೆ ತೇಲಿಬಿಟ್ಟರೆ ಯಾವುದೂ ನೆನಪಿರುವುದಿಲ್ಲ. ದೊಡ್ಡದೊಂದು, ಚಿಕ್ಕದೊಂದು ಸಾಕು.

ಎಂಟೂವರೆ ನಿಮಿಷಕ್ಕೆ ದೊಡ್ಡ ಉತ್ತರ ಬರಲಿ: ವರ್ಷವಿಡೀ ಶಿವನಸಮುದ್ರಕ್ಕೆ ನೀರು ಸಿಗಬೇಕಾದರೆ ಮೇಲೆ ನದಿಯನ್ನು ಹಿಡಿದಿಡಬೇಕು. ನೀರಾವರಿಯ ಜೊತೆಗೆ ಈ ಅಗತ್ಯವೂ ಸೇರಿ 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಯಿತು. ಉತ್ತರದ ನಂತರ ಒಂದು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ.

ಎಲ್ಲಿ ತಪ್ಪಿತೆಂದು ತಿಳಿಯಲು YouTube Studioದ ರಿಟೆನ್ಷನ್ ಗ್ರಾಫ್ ನೋಡಿ. ಮೊದಲ ಅರ್ಧ ನಿಮಿಷದಲ್ಲೇ ಗೆರೆ ಧಡಾರನೆ ಬಿದ್ದಿದ್ದರೆ ಶೀರ್ಷಿಕೆ ಹೇಳಿದ್ದನ್ನು ಆರಂಭ ಕೊಡುತ್ತಿಲ್ಲ. ಬೀದಿದೀಪದ ದೃಶ್ಯದ ಬಳಿ ಬಿದ್ದಿದ್ದರೆ ಹೊಸ ಪ್ರಶ್ನೆ ತಡವಾಗಿದೆ. ನಿಧಾನವಾಗಿ ಇಳಿಯುವ ಗೆರೆ ಎಲ್ಲ ವಿಡಿಯೊಗಳಿಗೂ ಸಹಜ, ಅದಕ್ಕೆ ಹೆದರಬೇಕಿಲ್ಲ.

ಚಿತ್ರೀಕರಣಕ್ಕೆ ಹೊರಡುವ ಮೊದಲು ನಿಮ್ಮ ಪ್ರಶ್ನೆಯನ್ನು ಒಂದು ಸಾಲಿನಲ್ಲಿ, ಉತ್ತರವನ್ನು ಇನ್ನೊಂದು ಸಾಲಿನಲ್ಲಿ ಬರೆಯಿರಿ. ಆ ಉತ್ತರಕ್ಕೆ ಕೈಯಲ್ಲಿ ಆಧಾರ ಇಲ್ಲದಿದ್ದರೆ ಆ ಪ್ರಶ್ನೆ ಕೇಳಬೇಡಿ. ಕುತೂಹಲ ಹುಟ್ಟಿಸಿ ಬರಿಗೈಯಲ್ಲಿ ಕಳಿಸಿದರೆ ನೋಡುಗ ನಿಮ್ಮ ಮುಂದಿನ ವಿಡಿಯೊ ತೆರೆಯುವುದಿಲ್ಲ.