ಫೇಲಾದವರಿಗೂ ಆಮಂತ್ರಣ ಮುಟ್ಟಬೇಕು

ಹಳೆ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನದ ಆಮಂತ್ರಣದಲ್ಲಿ ಮೊದಲ ಸಾಲಿಗೇ ತಪ್ಪು ನುಸುಳುತ್ತದೆ. ‘1996ರ ಎಸ್ಸೆಸ್ಸೆಲ್ಸಿ ಬ್ಯಾಚ್‌ನ ಗೆಳೆಯರೇ’ ಎಂದು ಬರೆದ ಕೂಡಲೇ, ಆ ವರ್ಷ ಗಣಿತದಲ್ಲೋ ಇಂಗ್ಲಿಷಿನಲ್ಲೋ ಫೇಲಾದವರು, ಒಂಬತ್ತಕ್ಕೇ ಶಾಲೆ ಬಿಟ್ಟವರು, ಪರೀಕ್ಷೆಗೆ ಮುಂಚೆಯೇ ಮದುವೆಯಾಗಿ ಹೋದ ಹುಡುಗಿಯರು ಈ ಕರೆ ತಮಗಲ್ಲ ಎಂದುಕೊಳ್ಳುತ್ತಾರೆ. ‘ನಮ್ಮನ್ಯಾಕ ಕರೀತಾರ, ನಾ ಪಾಸೇ ಆಗಿಲ್ಲಲ್ಲ’ ಎಂಬ ಮಾತು ಬಾಯಿಂದ ಬರದಿದ್ದರೂ ಮನಸ್ಸಿನಲ್ಲಿ ಇರುತ್ತದೆ. ‘ಪತ್ತೆಯಿಲ್ಲ’ ಎಂದು ನಾವು ಗುರುತು ಹಾಕಿಕೊಂಡವರಲ್ಲಿ ಬಹಳ ಜನ ಇಂಥವರೇ. ಆದ್ದರಿಂದ ಆ ಸಾಲು ‘1993ರಲ್ಲಿ ಎಂಟನೇ ತರಗತಿಗೆ ಸೇರಿದ ಎಲ್ಲರಿಗೂ’ ಎಂದಿರಲಿ. ಎಂಟರಲ್ಲಿ ಒಟ್ಟಿಗೆ ಕೂತವರೆಲ್ಲ ಅದರೊಳಗೆ ಬರುತ್ತಾರೆ.

ಹಾಗೆ ಬರೆದರೆ ಹುಡುಕುವ ಕೆಲಸವೂ ಬೇರೆ ಕಡೆಯಿಂದ ಶುರುವಾಗುತ್ತದೆ. ಸಾಮಾನ್ಯವಾಗಿ ಇದು ವಾಟ್ಸಾಪ್ ಗುಂಪಿನಿಂದ ಆರಂಭವಾಗಿ, ಊರು ಬಿಟ್ಟು ನೌಕರಿ ಹಿಡಿದವರ ಸುತ್ತಲೇ ನಿಂತುಬಿಡುತ್ತದೆ. ನಿಜವಾದ ಪಟ್ಟಿ ಇರುವುದು ಶಾಲೆಯ ಅಡ್ಮಿಷನ್ ರಿಜಿಸ್ಟರಿನಲ್ಲಿ. ಅದರಲ್ಲಿ ದಾಖಲಾತಿ ಸಂಖ್ಯೆ, ತಂದೆಯ ಹೆಸರು, ಊರು, ಶಾಲೆ ಬಿಟ್ಟ ದಿನ ಎಲ್ಲ ಇರುತ್ತವೆ. ಜಾತಿ, ಜನ್ಮ ದಿನಾಂಕಗಳೂ ಇರುವುದರಿಂದ ಪುಟದ ಫೋಟೊ ಹೊಡೆದು ಗುಂಪಿಗೆ ಹಾಕುವುದು ಸಲ್ಲದು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಅವರ ಎದುರಿನಲ್ಲೇ ಹೆಸರು, ತಂದೆಯ ಹೆಸರು, ಊರು ಇಷ್ಟನ್ನು ಮಾತ್ರ ಕೈಯಲ್ಲಿ ಬರೆದುಕೊಂಡರೆ ಸಾಕು.

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ರಿಜಿಸ್ಟರಿನಲ್ಲಿ 62 ಹೆಸರು, ವಾಟ್ಸಾಪ್ ಗುಂಪಿನಲ್ಲಿ 24 ಜನ, ಸಿಗಬೇಕಾದವರು 38 ಮಂದಿ. ರಿಜಿಸ್ಟರಿನ ವಿಳಾಸದಲ್ಲಿ ‘ಬಿಜಾಪುರ ಜಿಲ್ಲೆ’ ಎಂದಿರುತ್ತದೆ, ಏಕೆಂದರೆ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ದೊಡ್ಡ ತೊಡಕೆಂದರೆ ವಿಳಾಸದ ಕೆಲವು ಊರುಗಳೇ ಈಗ ಇಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅವು ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಹಳೆಯ ಊರಿನ ಹೆಸರು ಹೊತ್ತ ಕೇಂದ್ರದಲ್ಲಿ ಹೋಗಿ ಕೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆದರೆ ಎಲ್ಲ ಕುಟುಂಬಗಳೂ ಅಲ್ಲಿಗೆ ಬಂದಿಲ್ಲ. ಪರಿಹಾರದ ದುಡ್ಡಿನಲ್ಲಿ ಬೇರೆಡೆ ಹೊಲ ಕೊಂಡವರು, ದುಡಿಯಲು ಗೋವಾ, ಮಂಗಳೂರು, ಮಹಾರಾಷ್ಟ್ರದ ಕಡೆಗೆ ಹೋಗಿ ಅಲ್ಲಿಯೇ ನೆಲೆನಿಂತವರು ಇದ್ದಾರೆ. ಇವರನ್ನು ಹುಡುಕಲು ಹಿರಿಯರೇ ಆಧಾರ. ಮಗನ ಹೆಸರು ಹೇಳಿದರೆ ತಲೆ ಅಲ್ಲಾಡಿಸುವ ಅಜ್ಜ, ಅಪ್ಪನ ಹೆಸರನ್ನೂ ಅಡ್ಡಹೆಸರನ್ನೂ ಹೇಳಿದ ಕೂಡಲೇ ‘ಅವರ ಮನಿ ಕೆರಿ ದಂಡಿಗಿತ್ತು’ ಎಂದು ಶುರು ಮಾಡುತ್ತಾನೆ. ರಿಜಿಸ್ಟರಿನಿಂದ ತಂದೆಯ ಹೆಸರು ಬರೆದುಕೊಂಡದ್ದು ಇದಕ್ಕೇ. ಊರಿಗೊಬ್ಬರು ಹೊಣೆ ಹೊತ್ತು, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಗುಡಿಯ ಕಟ್ಟೆಗಳಲ್ಲಿ ಕೇಳಿ ಬರಬೇಕು.

ಹೆಣ್ಣುಮಕ್ಕಳ ವಿಷಯ ಬೇರೆ. ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಹೆಸರೇ ಬದಲಾಗುತ್ತದೆ. ಅವರನ್ನು ತವರಿನ ದಾರಿಯಲ್ಲೇ ಹುಡುಕಬೇಕು, ಮತ್ತು ಆ ಕೆಲಸವನ್ನು ಜೊತೆಗೆ ಓದಿದ ಹೆಣ್ಣುಮಕ್ಕಳೇ ಮಾಡಬೇಕು. ಗಂಡಸೊಬ್ಬ ಹೋಗಿ ಅವಳ ನಂಬರ್ ಕೇಳಿದರೆ ಅತ್ತಿಗೆ ಕೊಡುವುದಿಲ್ಲ, ಕೊಡಲೂಬಾರದು. ‘ನಮ್ಮ ನಂಬರ್ ಅವರಿಗೆ ಕೊಡ್ರಿ, ಬೇಕಿದ್ದರೆ ಅವರೇ ಮಾಡಲಿ’ ಎಂದು ಹೇಳಿ ಬಂದರೆ ಸಾಕು. ವಾಟ್ಸಾಪ್ ಗುಂಪಿಗೆ ಸೇರಿಸುವ ಮುನ್ನವೂ ಕೇಳಬೇಕು, ಏಕೆಂದರೆ ಗುಂಪಿಗೆ ಬಂದ ಕ್ಷಣದಿಂದ ಅವರ ನಂಬರ್ ಎಲ್ಲರಿಗೂ ಕಾಣುತ್ತದೆ. ಇದೇ ಕಾರಣಕ್ಕೆ, ಸಿಗದವರ ಹೆಸರುಗಳನ್ನು ಆಮಂತ್ರಣದ ಹಿಂಬದಿಯಲ್ಲಿ ಅಚ್ಚು ಹಾಕುವಾಗ ಗಂಡಸರ ಹೆಸರನ್ನು ಊರಿನೊಂದಿಗೆ ಹಾಕಿ, ಹೆಣ್ಣುಮಕ್ಕಳ ಹುಡುಕಾಟವನ್ನು ಮಾತಿನಲ್ಲೇ ನಡೆಸುವುದು ಒಳ್ಳೆಯದು. ಅಚ್ಚಿಗೆ ಹೋಗುವ ಮುನ್ನ ಪ್ರತಿ ಹೆಸರನ್ನೂ ಆಯಾ ಊರಿನಲ್ಲಿ ಒಮ್ಮೆ ವಿಚಾರಿಸಲೇಬೇಕು. ಮೂವತ್ತು ವರ್ಷದಲ್ಲಿ ಕೆಲವರು ತೀರಿಹೋಗಿರುತ್ತಾರೆ. ಅಂಥವರ ಹೆಸರು ‘ಪತ್ತೆಯಾಗಬೇಕಾದವರು’ ಎಂಬ ತಲೆಬರಹದ ಕೆಳಗೆ ಬಂದರೆ ಆ ಮನೆಯವರಿಗೆ ಎಷ್ಟು ನೋವಾದೀತು!

ದಿನಾಂಕವನ್ನೂ ಇದೇ ಲೆಕ್ಕದಲ್ಲಿ ಆರಿಸಬೇಕು. ಬೆಂಗಳೂರಿನಲ್ಲಿರುವವರಿಗೆ ಯಾವ ಭಾನುವಾರವಾದರೂ ಆದೀತು. ಈ ಸೀಮೆಯ ಹೆಣ್ಣುಮಕ್ಕಳು ತವರಿಗೆ ಬರುವುದು ನಾಗರ ಪಂಚಮಿಗೆ. 2026ರಲ್ಲಿ ಪಂಚಮಿ ಆಗಸ್ಟ್ 17ರ ಸೋಮವಾರ. ಹಿಂದಿನ ಭಾನುವಾರ ಉಂಡಿ ಕಟ್ಟುವ ಗಡಿಬಿಡಿ ಇರುತ್ತದೆ, ಆದ್ದರಿಂದ ನಂತರದ ಭಾನುವಾರ, ಆಗಸ್ಟ್ 23, ಸರಿಯಾದ ದಿನ. ಮಳೆಯ ಭಯವಿರುವುದರಿಂದ ಪೆಂಡಾಲ್ ನಂಬದೆ ಶಾಲೆಯ ಕೊಠಡಿ, ಜಗಲಿ ಬಳಸಲು ಮುಖ್ಯೋಪಾಧ್ಯಾಯರಿಂದಲೂ ಎಸ್‌ಡಿಎಂಸಿಯಿಂದಲೂ ಲಿಖಿತ ಒಪ್ಪಿಗೆ ಪಡೆದುಕೊಳ್ಳಬೇಕು. ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗಿನ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಖರ್ಚಿಲ್ಲ. ಗೋವಾ, ಮಹಾರಾಷ್ಟ್ರದಿಂದ ಬರುವವರಿಗೆ ಆ ಅನುಕೂಲ ಇಲ್ಲ, ಅವರಿಗೆ ಮೂರು ತಿಂಗಳು ಮೊದಲೇ ದಿನಾಂಕ ತಿಳಿಯಬೇಕು.

ಇನ್ನು ಪಟ್ಟಿ ಎತ್ತುವ ಮಾತು. ನಲವತ್ತು ಜನ ಬರುತ್ತಾರೆ ಎಂದುಕೊಳ್ಳಿ. ಏಳು ಜನ ಗುರುಗಳು, ಕೆಲವರ ಮನೆಯವರು ಸೇರಿ 60 ಊಟ. ಊಟಕ್ಕೆ ₹150ರಂತೆ ₹9,000. ಕುರ್ಚಿ ಮತ್ತು ಶಾಮಿಯಾನ ₹6,000, ಮೈಕ್ ₹2,500, ಗುರುವಂದನೆಯ ಶಾಲು, ಹಾರ, ಹಣ್ಣಿಗೆ ₹4,200, ವಯಸ್ಸಾದ ಗುರುಗಳನ್ನು ಕರೆತರುವ ವಾಹನಕ್ಕೆ ₹2,500, ಅಚ್ಚು ಮತ್ತು ಅಂಚೆಗೆ ₹1,300. ಒಟ್ಟು ₹25,500. ಸಮನಾಗಿ ಹಂಚಿದರೆ ತಲೆಗೆ ₹640ರ ಆಸುಪಾಸು. ಕಬ್ಬು ಕಡಿಯಲು ಹೋಗುವ ಗೆಳೆಯನಿಗೆ ಅದು ಒಂದು ದಿನದ ಕೂಲಿಗಿಂತ ಹೆಚ್ಚು, ಮೇಲೆ ಅಂದಿನ ಕೂಲಿಯೂ ಹೋಗುತ್ತದೆ. ಅವನು ದುಡ್ಡಿಲ್ಲ ಎನ್ನುವುದಿಲ್ಲ, ‘ಆ ದಿನ ಕೆಲಸ ಐತಿ’ ಎನ್ನುತ್ತಾನೆ. ಆದ್ದರಿಂದ ಎಲ್ಲರಿಂದ ₹200 ಮಾತ್ರ ತೆಗೆದುಕೊಂಡರೆ ₹8,000 ಆಗುತ್ತದೆ, ಅಲ್ಲಿಗೆ ಊಟದ ಬಹುಪಾಲು ಖರ್ಚು ಬಂದಂತೆ. ಉಳಿದ ₹17,500ನ್ನು ಅನುಕೂಲವಿರುವ ಹತ್ತು ಜನ ₹1,750ರಂತೆ ಹೊರಲಿ. ಯಾರು ಎಷ್ಟು ಕೊಟ್ಟರೆಂದು ವೇದಿಕೆಯಲ್ಲಾಗಲಿ ಗುಂಪಿನಲ್ಲಾಗಲಿ ಓದಬಾರದು. ಖರ್ಚಿನ ಲೆಕ್ಕವನ್ನು ಮಾತ್ರ ರಸೀದಿ ಸಮೇತ ಎಲ್ಲರ ಮುಂದಿಡಬೇಕು. ಹಣ ಒಬ್ಬರ ದಿನಬಳಕೆಯ ಖಾತೆಗೆ ಬಂದರೆ ಮನೆಯ ದುಡ್ಡಿನೊಂದಿಗೆ ಬೆರೆತು ಮನಸ್ತಾಪಕ್ಕೆ ದಾರಿಯಾಗುತ್ತದೆ, ಇಬ್ಬರ ಹೆಸರಿನ ಪ್ರತ್ಯೇಕ ಉಳಿತಾಯ ಖಾತೆಯೇ ಲೇಸು.

ಇಷ್ಟೆಲ್ಲ ಕೂಡಿದರೆ ಆಮಂತ್ರಣ ಹೀಗಾಗುತ್ತದೆ:

‘1993ರಲ್ಲಿ ನಮ್ಮ ಶಾಲೆಯ ಎಂಟನೇ ತರಗತಿಗೆ ಸೇರಿದ ಎಲ್ಲರಿಗೂ ನಮಸ್ಕಾರ. ಪಾಸಾದವರು, ಆಗದವರು, ನಡುವೆ ಶಾಲೆ ಬಿಟ್ಟವರು ಎಲ್ಲರೂ ನಮ್ಮವರೇ. 2026ರ ಆಗಸ್ಟ್ 23, ಭಾನುವಾರ ಬೆಳಿಗ್ಗೆ 10 ಗಂಟೆಗೆ ಶಾಲೆಯಲ್ಲಿ ಸೇರೋಣ. ಗುರುವಂದನೆಯ ನಂತರ ಊಟ. ವಂತಿಗೆ ₹200, ಅಂದೇ ಕೊಟ್ಟರೂ ಆದೀತು, ಆಗದಿದ್ದರೆ ಬರೇ ಬನ್ನಿ. ಹೆಚ್ಚು ಕೊಡಬಲ್ಲವರು ಕೆಳಗಿನ ಇಬ್ಬರಿಗೆ ಫೋನ್ ಮಾಡಿ. ಹಿಂಬದಿಯಲ್ಲಿ ನಮಗಿನ್ನೂ ಸಿಗದ ಗೆಳೆಯರ ಹೆಸರುಗಳಿವೆ. ಗೊತ್ತಿದ್ದರೆ ಅವರ ನಂಬರ್ ನಮಗೆ ಕೊಡಬೇಡಿ, ನಮ್ಮ ನಂಬರ್ ಅವರಿಗೆ ಕೊಡಿ. ಗೆಳತಿಯರ ವಿಷಯ ಗೊತ್ತಿದ್ದವರು ಕೆಳಗಿನ ಗೆಳತಿಗೆ ತಿಳಿಸಿ.’

ಕೆಳಗೆ ಬರುವ ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾಗಿರಬೇಕು. ಈ ಹಾಳೆಯನ್ನು ಮೊಬೈಲಿನಲ್ಲಿ ಕಳಿಸಿ ಸುಮ್ಮನಾಗಬಾರದು. ನೂರು ಪ್ರತಿ ಅಚ್ಚು ಮಾಡಿಸಿ, ಪುನರ್ವಸತಿ ಕೇಂದ್ರಗಳ ಮನೆಗಳಿಗೆ ಪಂಚಮಿಗೆ ಮುಂಚೆ ಮುಟ್ಟಿಸಬೇಕು, ಹಬ್ಬಕ್ಕೆ ಬಂದ ಮಗಳ ಕೈಗೆ ತಾಯಿಯೇ ಅದನ್ನು ಕೊಡುತ್ತಾಳೆ. ಆಗಸ್ಟ್ 23ರ ನಂತರವೂ ಸಿಗದೆ ಉಳಿದವರ ಹೆಸರು, ತಂದೆಯ ಹೆಸರು, ಊರು, ಎಲ್ಲೆಲ್ಲಿ ವಿಚಾರಿಸಿದ್ದಾಯಿತು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು ಊರಲ್ಲೇ ಇರುವ ಒಬ್ಬರ ಬಳಿ ಇಡಿ. ಮುಂದಿನ ಸಲ ಹುಡುಕಲು ಹೊರಡುವವರು ಕೇಳಿದ ಮನೆಯಲ್ಲೇ ಮತ್ತೆ ಕೇಳುವುದು ತಪ್ಪುತ್ತದೆ.