ಉಪನ್ಯಾಸದಿಂದ ಟಿಪ್ಪಣಿಗೆ: ಒಂದು ಜಿಡಿಪಿ ಪಾಠ

ಸಮಗ್ರ ಅರ್ಥಶಾಸ್ತ್ರದ ಒಂದು ಗಂಟೆಯ ಉಪನ್ಯಾಸವನ್ನು ಧ್ವನಿಮುದ್ರಿಸಿ ಬರಹಕ್ಕಿಳಿಸಿದರೆ ಹತ್ತಾರು ಪುಟಗಳ ಟ್ರಾನ್ಸ್‌ಕ್ರಿಪ್ಟ್ ಸಿಗುತ್ತದೆ. ಅದರಲ್ಲಿ ಪಾಠವೆಲ್ಲ ಇದ್ದರೂ ಓದಿ ಕಲಿಯುವುದು ಕಷ್ಟ. ಒಂದೇ ಮಾತು ಮೂರು ಸಲ ಬರುತ್ತದೆ, ವ್ಯಾಖ್ಯೆಗಳು ಚೂರುಚೂರಾಗಿ ಚದುರಿರುತ್ತವೆ, ಕಪ್ಪುಹಲಗೆಯ ಮೇಲೆ ಬರೆದದ್ದು ದಾಖಲಾಗಿರುವುದೇ ಇಲ್ಲ. ಇದನ್ನು ಎರಡು ಪುಟದ ಟಿಪ್ಪಣಿಗೆ ಇಳಿಸುವ ಕ್ರಮವನ್ನು ನಾಮಮಾತ್ರ ಜಿಡಿಪಿ ಮತ್ತು ನೈಜ ಜಿಡಿಪಿ ಕುರಿತ ಪಾಠವೊಂದನ್ನು ಇಟ್ಟುಕೊಂಡು ನೋಡಬಹುದು.

ಮೊದಲು ಪಾಠದ ಪ್ರಶ್ನೆ

ಟ್ರಾನ್ಸ್‌ಕ್ರಿಪ್ಟನ್ನು ಮೊದಲ ಸಾಲಿನಿಂದಲೇ ಕತ್ತರಿಸುತ್ತ ಹೋದರೆ ಉಳಿಯುವುದು ಚಿಕ್ಕದಾದ ಟ್ರಾನ್ಸ್‌ಕ್ರಿಪ್ಟ್ ಮಾತ್ರ. ಅದರ ಬದಲು ಇಡೀ ಪಾಠವನ್ನು ಒಮ್ಮೆ ಓದಿ, ಅದು ಉತ್ತರಿಸಲು ಹೊರಟ ಪ್ರಶ್ನೆ ಯಾವುದೆಂದು ಗುರುತಿಸಬೇಕು. ಇಲ್ಲಿನ ಪ್ರಶ್ನೆ ಇಷ್ಟೇ: ದೇಶದ ಜಿಡಿಪಿ ಹೆಚ್ಚಿದಾಗ ನಿಜವಾಗಿ ಹೆಚ್ಚು ಸರಕು ತಯಾರಾಯಿತೋ, ಇಲ್ಲ ಬೆಲೆ ಮಾತ್ರ ಏರಿತೋ? ಈ ಪ್ರಶ್ನೆ ಸಿಕ್ಕಿದ ಮೇಲೆ ಟಿಪ್ಪಣಿಯ ಶೀರ್ಷಿಕೆಗಳು ತಾವಾಗಿ ಹೊಳೆಯುತ್ತವೆ: ಜಿಡಿಪಿ ಎಂದರೇನು, ಅದನ್ನು ಅಳೆಯುವ ಎರಡು ಬಗೆ ಯಾವುವು, ಎರಡರ ನಡುವಿನ ಅಂತರ ಏನು ಹೇಳುತ್ತದೆ. ಈ ಮೂರರಲ್ಲಿ ಯಾವುದಕ್ಕೂ ಸೇರದ ಮಾತು, ಅಂದರೆ ಪರೀಕ್ಷೆಯ ದಿನಾಂಕ, ಹಿಂದಿನ ಪಾಠದ ನೆನಪು, ಪತ್ರಿಕೆಯ ಸುದ್ದಿ ಇವೆಲ್ಲ ಹೊರಗುಳಿಯುತ್ತವೆ.

ವ್ಯಾಖ್ಯೆಯನ್ನು ಕೂಡಿಸುವುದು

ತರಗತಿಯಲ್ಲಿ ವ್ಯಾಖ್ಯೆ ಒಂದೇ ವಾಕ್ಯದಲ್ಲಿ ಬರುವುದು ಅಪರೂಪ. ಮೊದಲು "ಒಂದು ವರ್ಷದಲ್ಲಿ ದೇಶದೊಳಗೆ ಉತ್ಪಾದನೆಯಾದದ್ದರ ಒಟ್ಟು ಮೌಲ್ಯವೇ ಜಿಡಿಪಿ" ಎಂಬ ಮಾತು ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ಅಕ್ಕಿ ಗಿರಣಿ ಕೊಂಡ ಭತ್ತವನ್ನು ಬೇರೆಯಾಗಿ ಲೆಕ್ಕ ಹಿಡಿಯಬಾರದು, ಅದರ ಮೌಲ್ಯ ಅಕ್ಕಿಯ ಬೆಲೆಯಲ್ಲೇ ಸೇರಿದೆ ಎಂಬ ವಿವರಣೆ ಬರುತ್ತದೆ. ಇದು ಬರೀ ಉದಾಹರಣೆಯಲ್ಲ, ವ್ಯಾಖ್ಯೆಯದೇ ಒಂದು ಭಾಗ. ಮೊದಲ ಮಾತಿನಲ್ಲಿ ಬಿಟ್ಟುಹೋಗಿದ್ದ "ಅಂತಿಮ" ಎಂಬ ಶಬ್ದವನ್ನು ಅದು ತುಂಬಿಕೊಡುತ್ತದೆ. ಎಲ್ಲ ಚೂರುಗಳನ್ನೂ ಕೂಡಿಸಿದಾಗ ವ್ಯಾಖ್ಯೆ ಹೀಗೆ ಪೂರ್ಣವಾಗುತ್ತದೆ: ನಿರ್ದಿಷ್ಟ ಅವಧಿಯಲ್ಲಿ ಒಂದು ದೇಶದ ಗಡಿಯೊಳಗೆ ಉತ್ಪಾದನೆಯಾದ ಎಲ್ಲ ಅಂತಿಮ ಸರಕು ಮತ್ತು ಸೇವೆಗಳ ಮಾರುಕಟ್ಟೆ ಮೌಲ್ಯ.

ಈ ಹಂತದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಒಂದೇ ವಿಷಯಕ್ಕೆ ಹಲವು ಹೆಸರು. ಉಪನ್ಯಾಸಕರು ಒಮ್ಮೆ "ನೈಜ ಜಿಡಿಪಿ", ಮತ್ತೊಮ್ಮೆ "ಸ್ಥಿರ ಬೆಲೆಗಳಲ್ಲಿ ಜಿಡಿಪಿ", ಇನ್ನೊಮ್ಮೆ "ರಿಯಲ್ ಜಿಡಿಪಿ" ಎನ್ನಬಹುದು. ಮೂರೂ ಒಂದೇ ಎಂದು ತಿಳಿಯದೆ ಹೋದರೆ ಟಿಪ್ಪಣಿಯಲ್ಲಿ ಮೂರು ಪರಿಕಲ್ಪನೆಗಳು ಹುಟ್ಟಿಕೊಳ್ಳುತ್ತವೆ. ಒಂದು ಹೆಸರನ್ನು ಆರಿಸಿಕೊಂಡು, ಉಳಿದವನ್ನು ಅದರ ಪಕ್ಕದಲ್ಲಿ ಒಮ್ಮೆ ನಮೂದಿಸಿದರೆ ಸಾಕು. ಎರಡನೆಯದು, ಕನ್ನಡದಲ್ಲಿ ನಿಷೇಧ ವಾಕ್ಯದ ಕೊನೆಗೆ ಬರುತ್ತದೆ. ಮಾತು ಮುಗಿಯುವಾಗ ದನಿ ತಗ್ಗಿದರೆ "ಸೇರಿಸೋದಿಲ್ಲ" ಎಂಬುದು "ಸೇರಿಸೋದು" ಎಂದು ದಾಖಲಾಗಿ ಅರ್ಥವೇ ತಿರುಗಿಬೀಳುತ್ತದೆ. ಸೇರಿಸಬೇಕು, ಬಿಡಬೇಕು ಎಂಬಂಥ ಪ್ರತಿ ವಾಕ್ಯವನ್ನೂ ಧ್ವನಿಮುದ್ರಿಕೆಯೊಂದಿಗೆ ತಾಳೆ ನೋಡುವುದು ಕ್ಷೇಮ.

ಉದಾಹರಣೆಯನ್ನು ಮತ್ತೆ ಕಟ್ಟುವುದು

ಕಪ್ಪುಹಲಗೆಯ ಮೇಲಿನ ಲೆಕ್ಕ ಟ್ರಾನ್ಸ್‌ಕ್ರಿಪ್ಟಿನಲ್ಲಿ "ಇದನ್ನು ಇದರಿಂದ ಗುಣಿಸಿ, ಇಲ್ಲಿಗೆ ಕೂಡಿದರೆ" ಎಂಬಷ್ಟೇ ಆಗಿ ಉಳಿಯುತ್ತದೆ. ಆದ್ದರಿಂದ ಉದಾಹರಣೆಯನ್ನು ನಕಲು ಮಾಡಿದರೆ ಸಾಲದು, ಮತ್ತೆ ಲೆಕ್ಕ ಹಾಕಬೇಕು. ಪಾಠದಲ್ಲಿದ್ದ ಪುಟ್ಟ ದೇಶ ಅಕ್ಕಿ ಮತ್ತು ಅಂಗಿ ಎರಡನ್ನೇ ತಯಾರಿಸುತ್ತದೆ ಎನ್ನೋಣ. ಮೊದಲ ವರ್ಷ ಕಿಲೋಗೆ 40 ರೂಪಾಯಿಯ ಅಕ್ಕಿ 100 ಕಿಲೋ, 300 ರೂಪಾಯಿಯ ಅಂಗಿ 10. ಎರಡನೆಯ ವರ್ಷ ಅಕ್ಕಿ 110 ಕಿಲೋ, ಅಂಗಿ 12. ಅಂಗಿಯ ಬೆಲೆ 350 ರೂಪಾಯಿ. ಆ ವರ್ಷದ ಅಕ್ಕಿಯ ಬೆಲೆ ಟ್ರಾನ್ಸ್‌ಕ್ರಿಪ್ಟಿನಲ್ಲಿ 15 ರೂಪಾಯಿ ಎಂದಿದೆ.

ಲೆಕ್ಕ ಹಾಕಿದ ಕೂಡಲೇ ತಪ್ಪು ಸಿಕ್ಕಿಬೀಳುತ್ತದೆ. ಕಿಲೋಗೆ 15 ರೂಪಾಯಿಯಂತೆ ಅಕ್ಕಿಯ ಮೌಲ್ಯ 1,650, ಅಂಗಿಯದು 4,200, ಒಟ್ಟು 5,850 ರೂಪಾಯಿ. ಆದರೆ ಮುಂದೆ ಉಪನ್ಯಾಸಕರು ಮೊತ್ತವನ್ನು 9,700 ಎನ್ನುತ್ತಾರೆ. ಹಿಂದಕ್ಕೆ ಲೆಕ್ಕ ಹಾಕಿದರೆ, 9,700ರಲ್ಲಿ ಅಂಗಿಯ 4,200 ಕಳೆದು ಉಳಿಯುವುದು 5,500. ಅದನ್ನು 110 ಕಿಲೋಗೆ ಹಂಚಿದರೆ ಕಿಲೋಗೆ 50 ರೂಪಾಯಿ. ಇಂಗ್ಲಿಷಿನಲ್ಲಿ ಹೇಳಿದ "ಫಿಫ್ಟಿ" ಬರಹದಲ್ಲಿ "ಫಿಫ್ಟೀನ್" ಆಗಿತ್ತು. ಬೆರಕೆ ಭಾಷೆಯ ತರಗತಿಗಳಲ್ಲಿ ಇಂಥ ತಪ್ಪು ಸುಲಭವಾಗಿ ನುಸುಳುತ್ತದೆ. ಉತ್ತರದಿಂದ ಹಿಂದಕ್ಕೆ ನಡೆದು ನೋಡುವುದೇ ಅದನ್ನು ಹಿಡಿಯುವ ದಾರಿ.

ಸರಿಪಡಿಸಿದ ಲೆಕ್ಕ ಟಿಪ್ಪಣಿಯಲ್ಲಿ ಹೀಗಿರುತ್ತದೆ:

1. ಮೊದಲ ವರ್ಷದ ಜಿಡಿಪಿ: (100 × 40) + (10 × 300) = 7,000 ರೂ.
2. ಎರಡನೆಯ ವರ್ಷದ ನಾಮಮಾತ್ರ ಜಿಡಿಪಿ, ಆಯಾ ವರ್ಷದ ಬೆಲೆಯಲ್ಲಿ: (110 × 50) + (12 × 350) = 9,700 ರೂ.
3. ಎರಡನೆಯ ವರ್ಷದ ನೈಜ ಜಿಡಿಪಿ, ಮೊದಲ ವರ್ಷದ ಬೆಲೆಯಲ್ಲಿ: (110 × 40) + (12 × 300) = 8,000 ರೂ.
4. ಜಿಡಿಪಿ ಡಿಫ್ಲೇಟರ್: 9,700 ÷ 8,000 × 100 = 121.25

ಪ್ರತಿ ಸಾಲಿನಲ್ಲೂ ಯಾವ ವರ್ಷದ ಪ್ರಮಾಣ, ಯಾವ ವರ್ಷದ ಬೆಲೆ ಎಂಬುದು ಕಾಣಬೇಕು. ಅದೇ ಈ ಪಾಠದ ತಿರುಳು. ಬರೀ ಉತ್ತರಗಳನ್ನು ಬರೆದಿಟ್ಟರೆ ಓದುಗರಿಗೆ ನಾಮಮಾತ್ರಕ್ಕೂ ನೈಜಕ್ಕೂ ಇರುವ ವ್ಯತ್ಯಾಸ ಸಿಗುವುದಿಲ್ಲ.

ಉತ್ತರದ ಅರ್ಥ

ಲೆಕ್ಕದ ಕೆಳಗೆ, ಅದು ಮೊದಲ ಪ್ರಶ್ನೆಗೆ ಕೊಡುವ ಉತ್ತರವನ್ನು ಒಂದೆರಡು ವಾಕ್ಯದಲ್ಲಿ ಬರೆಯಬೇಕು. ಇಲ್ಲಿ ನಾಮಮಾತ್ರ ಜಿಡಿಪಿ ಸುಮಾರು ಶೇ 38.6ರಷ್ಟು ಏರಿದೆ, ಆದರೆ ಉತ್ಪಾದನೆ ಹೆಚ್ಚಿದ್ದು ಸುಮಾರು ಶೇ 14.3 ಮಾತ್ರ. ಬೆಲೆಮಟ್ಟದ ಏರಿಕೆ ಶೇ 21.25.

ಉಪನ್ಯಾಸಕರು ಸರಳವಾಗಲೆಂದು "ನಾಮಮಾತ್ರ ಬೆಳವಣಿಗೆಯಲ್ಲಿ ನೈಜ ಬೆಳವಣಿಗೆ ಕಳೆದರೆ ಬೆಲೆ ಏರಿಕೆ" ಎಂದೂ ಹೇಳಿರಬಹುದು. ಹಾಗೆ ಕಳೆದರೆ ಇಲ್ಲಿ ಶೇ 24.3 ಬರುತ್ತದೆ, ಡಿಫ್ಲೇಟರ್ ಹೇಳುವ ಶೇ 21.25 ಅಲ್ಲ. ಮಾತು ಸುಳ್ಳಲ್ಲ, ಆದರೆ ಅದಕ್ಕೊಂದು ಮಿತಿಯಿದೆ. ಉತ್ಪಾದನೆ ಶೇ 2, ಬೆಲೆ ಶೇ 3 ಏರಿದಾಗ ನಾಮಮಾತ್ರ ಏರಿಕೆ ಶೇ 5.06, ಅಲ್ಲಿ ಕೂಡಿ ಕಳೆಯುವ ಲೆಕ್ಕ ನಡೆಯುತ್ತದೆ. ಏರಿಕೆ ದೊಡ್ಡದಾದಾಗ ಗುಣಿಸಿಯೇ ನೋಡಬೇಕು: 1.143 × 1.2125 ಎಂದರೆ ಸುಮಾರು 1.386. ಇಂಥ ಸೂತ್ರವನ್ನು ಟಿಪ್ಪಣಿಗೆ ತರುವಾಗ "ಸಣ್ಣ ಬದಲಾವಣೆಗಳಿಗೆ ಮಾತ್ರ, ಅಂದಾಜಾಗಿ" ಎಂಬ ಷರತ್ತೂ ಜೊತೆಗೆ ಬರಬೇಕು. ಚಿಕ್ಕದು ಮಾಡುವ ಭರದಲ್ಲಿ ಮೊದಲು ಕಳೆದುಹೋಗುವುದು ಇಂಥ ಷರತ್ತುಗಳೇ.

ಕಾಲದ ಗುರುತು ಮತ್ತು ಕೊನೆಯ ತಾಳೆ

ಉಪನ್ಯಾಸದಲ್ಲಿ ಬರುವ ನಿಜವಾದ ಅಂಕಿಅಂಶಗಳ ಪಕ್ಕದಲ್ಲಿ ಪಾಠ ದಾಖಲಾದ ವರ್ಷವನ್ನು ಬರೆಯಬೇಕು. ಭಾರತದ ನೈಜ ಜಿಡಿಪಿಯ ಆಧಾರ ವರ್ಷ 2015ರಲ್ಲಿ 2004-05ರಿಂದ 2011-12ಕ್ಕೆ ಬದಲಾಯಿತು. 2014ರ ಧ್ವನಿಮುದ್ರಿಕೆಯ ಅಂಕಿಗಳನ್ನು 2016ರ ಪಾಠದ ಅಂಕಿಗಳ ಪಕ್ಕದಲ್ಲಿಟ್ಟು ಹೋಲಿಸಿದರೆ ಬೇರೆ ಬೇರೆ ಬೆಲೆಗಳಲ್ಲಿ ಅಳೆದದ್ದನ್ನು ಒಂದೇ ಎಂದುಕೊಂಡಂತಾಗುತ್ತದೆ.

ಧ್ವನಿಮುದ್ರಿಕೆ ಕೇಳಿದ ಮೇಲೂ ಖಚಿತವಾಗದ ಅಂಕಿ ಅಥವಾ ಶಬ್ದವನ್ನು ಊಹಿಸಿ ತುಂಬದೆ, ಅದು ಬರುವ ನಿಮಿಷ, ಸೆಕೆಂಡುಗಳೊಂದಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿಡಬೇಕು. ಕೊನೆಗೆ ಟ್ರಾನ್ಸ್‌ಕ್ರಿಪ್ಟನ್ನು ಪಕ್ಕಕ್ಕಿಟ್ಟು, ಟಿಪ್ಪಣಿಯ ವ್ಯಾಖ್ಯೆಗಳನ್ನಷ್ಟೇ ಬಳಸಿ ಅಕ್ಕಿ ಮತ್ತು ಅಂಗಿಯ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಬೇಕು. 121.25 ಬಂದರೆ ಟಿಪ್ಪಣಿ ಪೂರ್ಣವಾಗಿದೆ. ನಡುವೆ ಎಲ್ಲಾದರೂ ಟ್ರಾನ್ಸ್‌ಕ್ರಿಪ್ಟ್ ತೆರೆಯಬೇಕಾಗಿ ಬಂದರೆ, ಅಲ್ಲಿ ಬಿಟ್ಟುಹೋದ ಮಾತನ್ನು ಸೇರಿಸಬೇಕು.